‘ಐತಿ’ ಎಣಿಸಿದ ಥೀಸಿಸ್, ಅದರ ವೈವಾ: ನನ್ನ ವಿದ್ಯಾರ್ಥಿನಿಗೆ ಒಂದು ಪತ್ರ

ಪ್ರೀತಿಯ ವಿದ್ಯಾರ್ಥಿನಿಗೆ,

ಪುಣೆಯ ಕನ್ನಡಿಗರ ಮಾತಿನ ‘ಐತಿ’ ಬಗ್ಗೆ ಥೀಸಿಸ್ ಬರೆದ ನಿನ್ನ ಸೀನಿಯರ್‌ನ ಪಿಎಚ್‌ಡಿ ವೈವಾ ಹೋದ ಗುರುವಾರ ಮುಗಿಯಿತು. ನೀನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಆದರೆ ನೀನು ನೋಡಿದ್ದು ಕೊನೆಯ ಒಂದೂವರೆ ಗಂಟೆ ಮಾತ್ರ. ಅದರ ಹಿಂದೆ ಏಳು ತಿಂಗಳಿವೆ. ನಿನ್ನ ಥೀಸಿಸ್ ಬರುವ ಜೂನ್‌ಗೆ ಸಬ್ಮಿಟ್ ಆಗಬೇಕು. ಆ ಏಳು ತಿಂಗಳಲ್ಲಿ ನಾನೂ ಅವಳೂ ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಎಂದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದನ್ನು ಅವಳಿಗೂ ತೋರಿಸಿದೆ. ‘ಎಲ್ಲಾ ಬರೀರಿ ಮೇಡಂ, ಬೇರೆಯವರಿಗೂ ಉಪಯೋಗ ಆಗ್ಲಿ’ ಎಂದಳು.

ಅವಳು ಥೀಸಿಸ್ ಕೊಟ್ಟಿದ್ದು ಜೂನ್ ಕೊನೆಯ ವಾರ. ಅಪ್ಪಾ ಬಳವಂತ ಚೌಕದ ಹತ್ತಿರದ ಅಂಗಡಿಯಲ್ಲಿ ಬೈಂಡಿಂಗ್ ಮಾಡಿಸಿ, ಮಳೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ತಂದಿದ್ದಳು. ಐದು ಪ್ರತಿ, ಪ್ರಿಂಟು ಬೈಂಡಿಂಗ್ ಎಲ್ಲಾ ಸೇರಿ ಸುಮಾರು ಆರು ಸಾವಿರ ರೂಪಾಯಿ. ವೈವಾ ಆದಮೇಲೆ ತಿದ್ದಿದ ಪ್ರತಿಗಳಿಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ಆಯಿತು. ಈ ಎರಡನೇ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ, ನೀನು ಈಗಲೇ ಎತ್ತಿಡು.

ಆವತ್ತು ನಾನು ಅವಳಿಗೆ ಒಂದು ತಪ್ಪು ಮಾತು ಹೇಳಿದೆ. ‘ಎರಡು ತಿಂಗಳು ಆರಾಮಾಗಿರು, ಈ ಕ್ಷೇತ್ರದಲ್ಲಿ ಹೊಸದಾಗಿ ಏನು ಬಂದಿದೆಯೋ ಓದು’ ಎಂದೆ. ಅವಳು ಪಾಪ ಹಾಗೇ ಮಾಡಿದಳು. ಅಕ್ಟೋಬರ್‌ವರೆಗೆ ಹನ್ನೊಂದು ಹೊಸ ಲೇಖನ ಓದಿದಳು. ತನ್ನ ಥೀಸಿಸ್ ಮಾತ್ರ ತೆರೆಯಲಿಲ್ಲ. ಆ ಹನ್ನೊಂದರಲ್ಲಿ ಒಂದರ ಬಗ್ಗೆಯೂ ವೈವಾದಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಅವಳೇ ಬರೆದ 268 ಪುಟಗಳ ಬಗ್ಗೆ.

ಕಾಯುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ. 2022ರ ಯುಜಿಸಿ ನಿಯಮದ ಪ್ರಕಾರ ಥೀಸಿಸ್ ಅನ್ನು ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡಬೇಕು. ಇಬ್ಬರೂ ಒಪ್ಪಿದರೆ ವೈವಾ. ಒಬ್ಬರು ಒಪ್ಪಿ ಒಬ್ಬರು ತಿರಸ್ಕರಿಸಿದರೆ ಮತ್ತೊಬ್ಬರಿಗೆ ಹೋಗುತ್ತದೆ. ಸಬ್ಮಿಟ್ ಮಾಡಿದ ಆರು ತಿಂಗಳೊಳಗೆ ವೈವಾ ಫಲಿತಾಂಶದವರೆಗೂ ಎಲ್ಲಾ ಮುಗಿಯಬೇಕು. ನಮ್ಮದು ಏಳನೇ ತಿಂಗಳಿಗೆ ಹೋಯಿತು. ಒಬ್ಬ ಪರೀಕ್ಷಕರಿಗೆ ಕಳಿಸಿದ ಒಪ್ಪಿಗೆ ಕೇಳುವ ಇಮೇಲ್ ಅವರ ಹಳೇ ವಿಳಾಸಕ್ಕೆ ಹೋಗಿತ್ತು. ಏಳು ವಾರ ಅದು ಯಾರ ಗಮನಕ್ಕೂ ಬರಲಿಲ್ಲ. ಪರೀಕ್ಷಕರನ್ನು ನಾವು ನೇರವಾಗಿ ಕೇಳುವ ಹಾಗಿಲ್ಲ, ಅದು ತಪ್ಪು. ಆದರೆ ‘ಥೀಸಿಸ್ ಪರೀಕ್ಷಕರಿಗೆ ತಲುಪಿದೆಯೇ, ಯಾವ ದಿನ ಹೋಯಿತು’ ಎಂದು ಪರೀಕ್ಷಾ ವಿಭಾಗಕ್ಕೆ ಬರೆದು ಕೇಳಬಹುದು. ನಾನು ಗಣಪತಿ ಹಬ್ಬ ಕಳೆಯಲಿ ಎಂದು ಸುಮ್ನಿದ್ದೆ. ನಿನ್ನ ಸರದಿಗೆ ನಾಲ್ಕನೇ ವಾರಕ್ಕೇ ಕಾಗದ ಬರೆಯುತ್ತೇನೆ.

ನವೆಂಬರ್ ಎರಡನೇ ವಾರ ಎರಡೂ ವರದಿ ಬಂದವು. ಇಬ್ಬರೂ ಒಪ್ಪಿದ್ದರು. ಅವಳು ಫೋನಿನಲ್ಲೇ ಅತ್ತಳು. ನನಗೂ ಕಣ್ಣು ತುಂಬಿ ಬಂತು. ಆಮೇಲೆ ವರದಿಯ ಕೊನೆಯ ಪುಟ ಓದಿದೆವು. ಅಲ್ಲಿ ‘ವೈವಾದಲ್ಲಿ ಅಭ್ಯರ್ಥಿ ಇವನ್ನು ಸ್ಪಷ್ಟಪಡಿಸಬೇಕು’ ಎಂಬ ತಲೆಬರಹದ ಕೆಳಗೆ ಒಬ್ಬರು ಮೂರು ಪ್ರಶ್ನೆ, ಇನ್ನೊಬ್ಬರು ಎರಡು ಪ್ರಶ್ನೆ ಬರೆದಿದ್ದರು. ಇದು ನಿನಗೆ ಮುಖ್ಯ. ಆ ಪುಟವೇ ವೈವಾದ ಪ್ರಶ್ನೆಪತ್ರಿಕೆ. ಎರಡು ತಿಂಗಳು ಮೊದಲೇ ಕೈಗೆ ಸಿಗುವ ಪ್ರಶ್ನೆಪತ್ರಿಕೆ. ಅದರಲ್ಲಿ ಎರಡು ಪ್ರಶ್ನೆಗಳು ನಮ್ಮ ನಿದ್ದೆ ಕೆಡಿಸಿದವು. ಅವೆರಡರ ಕಥೆಯನ್ನೇ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿನ್ನ ಥೀಸಿಸ್‌ಗೂ ಅವೇ ಬರುತ್ತವೆ.

ಅವಳ ವಿಷಯ ನಿನಗೆ ಗೊತ್ತು. ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ಸಾಕು, ಕ್ರಿಯಾಪದ ಬೇಡ. ಮರಾಠಿಯಲ್ಲಿ ಬೇಕು: ‘ಹೇ ಆಮಚಂ ಘರ ಆಹೇ’. ಪುಣೆಯ ಹಡಪಸರದ ಕಡೆ ನಮ್ಮ ಜನ ‘ಇದು ನಮ್ಮ ಮನಿ ಐತಿ’ ಅನ್ನುವುದನ್ನು ಅವಳು ಕೇಳಿದಳು. ಹನ್ನೆರಡು ಮನೆಗಳಲ್ಲಿ ಅಜ್ಜ ಅಥವಾ ಅಜ್ಜಿ, ಮಗ ಅಥವಾ ಮಗಳು, ಒಂದು ಮೊಮ್ಮಗು, ಹೀಗೆ 36 ಜನರ ಮಾತು ರೆಕಾರ್ಡ್ ಮಾಡಿದಳು. ‘ಇದು ಇಂಥದ್ದು’, ‘ಅವನು ಇಂಥವನು’ ಎನ್ನುವ ಮಾದರಿಯ 1,140 ವಾಕ್ಯ ಹೆಕ್ಕಿದಳು. ಹಿರಿಯರಲ್ಲಿ 380 ವಾಕ್ಯಕ್ಕೆ 35ರಲ್ಲಿ ಐತಿ ಇತ್ತು, ಅಂದರೆ ನೂರಕ್ಕೆ 9. ನಡುವಿನವರಲ್ಲಿ 350ಕ್ಕೆ 74, ನೂರಕ್ಕೆ 21. ಮಕ್ಕಳಲ್ಲಿ 410ಕ್ಕೆ 189, ನೂರಕ್ಕೆ 46. ತಲೆಮಾರಿನಿಂದ ತಲೆಮಾರಿಗೆ ಏರಿಕೆ. ‘ಪುಣೆಯಲ್ಲಿ ಮರಾಠಿಯ ಪ್ರಭಾವದಿಂದ ಕನ್ನಡದ ವಾಕ್ಯ ಬದಲಾಗುತ್ತಿದೆ’ ಎಂಬುದು ಅವಳ ತೀರ್ಮಾನ.

ಮೊದಲ ಪರೀಕ್ಷಕರು ಬರೆದ ಪ್ರಶ್ನೆ ಚಿಕ್ಕದು. ಈ ‘ಐತಿ’ ಪುಣೆಯಲ್ಲಿ ಹುಟ್ಟಿದ್ದು ಎಂದು ಹೇಗೆ ಗೊತ್ತು? ಊರಿಂದಲೇ ತಂದಿರಬಹುದಲ್ಲವೇ?

ಆ ಭಾನುವಾರ ಅವಳು ಕೋಥರೂಡಿನ ನಮ್ಮ ಮನೆಗೆ ಬಂದಳು. ಈ ಪ್ರಶ್ನೆಗೆ ಉತ್ತರ ಹೇಳು ಎಂದೆ. ಭಾಷಾ ಸಂಪರ್ಕದ ವಿದ್ವಾಂಸೆ ಸ್ಯಾರಾ ಥಾಮಸನ್ ಹೇಳುವ ಷರತ್ತುಗಳನ್ನು ಒಪ್ಪಿಸಿದಳು. ಒಂದು ಲಕ್ಷಣ ಬೇರೆ ಭಾಷೆಯಿಂದ ಬಂತು ಎನ್ನಬೇಕಾದರೆ ಅದು ಆ ಭಾಷೆಯಲ್ಲಿ ಇರಬೇಕು, ಸಂಪರ್ಕಕ್ಕೆ ಮೊದಲು ನಮ್ಮ ಭಾಷೆಯಲ್ಲಿ ಇರಬಾರದು, ಒಳಗಿನಿಂದಲೇ ಹುಟ್ಟುವ ಕಾರಣಗಳನ್ನೂ ನೋಡಿರಬೇಕು. ಚೆನ್ನಾಗಿ ಹೇಳಿದಳು. ನಾನು ಒಂದೇ ಮಾತು ಕೇಳಿದೆ: ‘ಮೊದಲು ಇರಲಿಲ್ಲ ಅಂತ ನೀನು ತೋರಿಸಿದ್ದು ಎಲ್ಲಿ? ಪುಟ ಹೇಳು.’ ಪುಟ ಇರಲಿಲ್ಲ. ಅವಳು ಹೋಲಿಸಿದ್ದು ವ್ಯಾಕರಣ ಪುಸ್ತಕದ ಕನ್ನಡದ ಜೊತೆ. ಈ ಅಜ್ಜ ಅಜ್ಜಿಯರು ಆ ಕನ್ನಡವನ್ನು ಯಾವತ್ತೂ ಆಡಿದವರಲ್ಲ.

ಅದಕ್ಕಿಂತ ದೊಡ್ಡ ತೊಡಕು ಅವಳ ಎರಡನೇ ಅಧ್ಯಾಯದಲ್ಲೇ ಇತ್ತು. ಗುಂಪರ್ಜ್ ಮತ್ತು ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ 1971ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವಳು ನಾಲ್ಕು ಪುಟ ಬರೆದಿದ್ದಳು. ಆ ಊರಿನ ಕನ್ನಡದಲ್ಲೂ ಇಂಥ ವಾಕ್ಯಕ್ಕೆ ಕ್ರಿಯಾಪದ ಸೇರುತ್ತದೆ ಎಂದು ಅವರು ಆಗಲೇ ತೋರಿಸಿದ್ದರು. ಅಂದರೆ ಗಡಿಯ ಹಳ್ಳಿಯಲ್ಲಿ ಇದು ಹಿಂದೆಯೇ ಇತ್ತು. ಎರಡನೇ ಅಧ್ಯಾಯ ಹೇಳಿದ್ದನ್ನು ಐದನೇ ಅಧ್ಯಾಯ ಮರೆತಿತ್ತು. ನಾನೂ ನೋಡಿರಲಿಲ್ಲ. ಎರಡು ಅಧ್ಯಾಯಗಳ ನಡುವೆ ಎರಡು ವರ್ಷದ ಅಂತರವಿದ್ದರೆ ಹೀಗಾಗುತ್ತದೆ.

ಅವಳ ಮುಖ ಸಣ್ಣದಾಯಿತು. ‘ಥೀಸಿಸೇ ಹೋಯ್ತಾ ಮೇಡಂ?’ ಎಂದಳು. ಇಲ್ಲ, ಉತ್ತರ ನಿನ್ನ ಹತ್ತಿರವೇ ಇರಬಹುದು, ಯಾವ ಮನೆಯವರು ಯಾವ ಊರಿಂದ ಬಂದವರು ನೋಡು ಎಂದೆ. ಅವಳ ನೋಟ್‌ಬುಕ್ಕಿನಲ್ಲಿ ಅದು ಇತ್ತು. ಐದು ಮನೆ ಅಕ್ಕಲಕೋಟೆ ಕಡೆಯವು. ಏಳು ಮನೆ ಇಂಡಿ ಮತ್ತು ಆಳಂದ ಕಡೆಯವು. ಅಕ್ಕಲಕೋಟೆ ಇರುವುದೇ ಮಹಾರಾಷ್ಟ್ರದಲ್ಲಿ. ಅಲ್ಲಿಯ ಕನ್ನಡಿಗರು ಹುಟ್ಟಿದಾಗಿನಿಂದ ಮರಾಠಿ ಕೇಳುತ್ತಾ ಬೆಳೆದವರು. ಹಿರಿಯರನ್ನು ಹೀಗೆ ಎರಡು ಪಾಲು ಮಾಡಿ ಮತ್ತೆ ಎಣಿಸಿದಳು. ಅಕ್ಕಲಕೋಟೆ ಕಡೆಯ ಹಿರಿಯರ 160 ವಾಕ್ಯದಲ್ಲಿ 26ಕ್ಕೆ ಐತಿ, ನೂರಕ್ಕೆ 16. ಇಂಡಿ, ಆಳಂದದ ಹಿರಿಯರ 220ರಲ್ಲಿ 9, ನೂರಕ್ಕೆ 4.

ಈ ಎರಡು ಸಂಖ್ಯೆ ಬಂದಮೇಲೆ ಉತ್ತರ ತಾನಾಗಿ ರೂಪ ಪಡೆಯಿತು. ಕೆಲವು ಮನೆಗಳು ಇದನ್ನು ಊರಿಂದಲೇ ತಂದಿವೆ. ಪುಣೆ ಇದನ್ನು ಹುಟ್ಟಿಸಲಿಲ್ಲ. ಹೆಚ್ಚಿಸಿತೇ ಎಂಬುದಷ್ಟೇ ಉಳಿದ ಪ್ರಶ್ನೆ. ಅದಕ್ಕೊಂದು ಮಿತಿಯೂ ಇದೆ: ಇಂಡಿ, ಆಳಂದ ಕೂಡ ಗಡಿ ತಾಲೂಕುಗಳೇ, ಅಲ್ಲಿಯೂ ಮರಾಠಿ ಇಲ್ಲವೇ ಇಲ್ಲ ಎನ್ನಲಾಗದು. ಇದನ್ನೂ ಸೇರಿಸಿ ಹೇಳು ಎಂದೆ. ಪರೀಕ್ಷಕರು ಹೇಳುವ ಮೊದಲು ನಾವೇ ಹೇಳಿದರೆ ಮಾತು ಮುಂದೆ ಹೋಗುತ್ತದೆ. ಅವರೇ ಕಂಡುಹಿಡಿದರೆ ಅಲ್ಲೇ ಇಪ್ಪತ್ತು ನಿಮಿಷ ನಿಲ್ಲುತ್ತದೆ.

ಇನ್ನೊಂದು ಸಣ್ಣ ವಿಷಯ ಇದೇ ದಿನ ಸಿಕ್ಕಿತು. ‘ಇದು ಚಲೋ ಐತಿ’ ಎಂಬ ವಾಕ್ಯವನ್ನು ಎಣಿಸಿದ್ದೀಯಾ ಎಂದು ಕೇಳಿದೆ. ಉತ್ತರ ಕರ್ನಾಟಕದಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ಅದಕ್ಕೆ ಮರಾಠಿ ಬೇಕಿಲ್ಲ. ‘ಮನ್ಯಾಗ ಹಾಲು ಐತಿ’ ಎಂಬಲ್ಲಂತೂ ಎಲ್ಲಾ ಕನ್ನಡದಲ್ಲೂ ಕ್ರಿಯಾಪದ ಬರುತ್ತದೆ. ಇವೆರಡನ್ನೂ ಅವಳು ಬಿಟ್ಟಿದ್ದಳು, ಸರಿಯಾಗಿಯೇ ಬಿಟ್ಟಿದ್ದಳು. ಆದರೆ ಬಿಟ್ಟೆ ಎಂದು ಥೀಸಿಸ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಏನು ಎಣಿಸಿದೆ, ಏನು ಬಿಟ್ಟೆ ಎಂಬ ನಿಯಮ ತಲೆಯಲ್ಲಿದ್ದರೆ ಸಾಲದು. ನಿನ್ನದರಲ್ಲಿ ಅದು ಕಾಗದದ ಮೇಲೆ ಇದೆಯೇ, ಈಗಲೇ ನೋಡಿಕೋ. ನಿನಗಿನ್ನೂ ಸಬ್ಮಿಟ್ ಆಗಿಲ್ಲ, ಸೇರಿಸಬಹುದು.

ಎರಡನೇ ಪರೀಕ್ಷಕರ ಪ್ರಶ್ನೆ ಲೆಕ್ಕದ್ದು. 1,140 ವಾಕ್ಯ ಬಂದದ್ದು 36 ಬಾಯಿಂದ. ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಸಾಕ್ಷಿ ಎಂಬಂತೆ ಕೈ-ಸ್ಕ್ವೇರ್ ಹಾಕಿದ್ದೀರಿ. ಇದು ಸರಿಯೇ?

ಸರಿಯಲ್ಲ. ಇದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ, ನಾನೂ ಅದನ್ನು ಪಾಸು ಮಾಡಿದ್ದೆ. ಎರಡು ಗುಂಪಿನ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಎಂದುಕೊಳ್ಳುತ್ತದೆ. ಆದರೆ ಒಬ್ಬನೇ ಹುಡುಗ ಎಂಬತ್ತು ಸಲ ಮಾತಾಡಿದರೆ ಆ ಎಂಬತ್ತೂ ಅವನ ಅಭ್ಯಾಸವೇ. ಸಾಕ್ಷಿ ಒಬ್ಬನೇ, ಎಂಬತ್ತು ಜನ ಅಲ್ಲ.

ಅವಳಿಗೆ ಇದು ಮಾತಿನಲ್ಲಿ ಅರ್ಥವಾಯಿತು, ಆದರೆ ಎಷ್ಟು ಹೊಡೆತ ಬೀಳುತ್ತದೆ ಎಂದು ಗೊತ್ತಾಗಲಿಲ್ಲ. ಅದಕ್ಕೆ ಹನ್ನೆರಡು ಮಕ್ಕಳ ಹೆಸರು ಕಾಗದದಲ್ಲಿ ಬರೆಸಿದೆ. ಪ್ರತಿ ಹೆಸರಿನ ಮುಂದೆ ಎರಡು ಸಂಖ್ಯೆ: ಎಷ್ಟು ವಾಕ್ಯ, ಅದರಲ್ಲಿ ಎಷ್ಟು ಐತಿ. ಅರ್ಧ ಗಂಟೆಯ ಕೆಲಸ. ಮುಗಿದ ಕೂಡಲೇ ಇಬ್ಬರೂ ಸುಮ್ಮನಾದೆವು. ಒಬ್ಬ ಹುಡುಗನದು 84ಕ್ಕೆ 67. ಒಬ್ಬಳು ಹುಡುಗಿಯದು 66ಕ್ಕೆ 53. ಇವರಿಬ್ಬರೇ ಸೇರಿ 150 ವಾಕ್ಯ, 120 ಐತಿ. ಉಳಿದ ಹತ್ತು ಮಕ್ಕಳದು ಒಟ್ಟು 260 ವಾಕ್ಯ, 69 ಐತಿ. ಅಂದರೆ ಆ ಇಬ್ಬರನ್ನು ತೆಗೆದರೆ 46 ಇದ್ದದ್ದು ಸುಮಾರು 27ಕ್ಕೆ ಇಳಿಯುತ್ತದೆ. ಅಪ್ಪ ಅಮ್ಮಂದಿರದು 21. ಮಕ್ಕಳನ್ನೂ ಹೆತ್ತವರನ್ನೂ ಹೋಲಿಸಿದಾಗ ಮೊದಲು ಕೈ-ಸ್ಕ್ವೇರ್ 52ರಷ್ಟು ಬಂದಿತ್ತು. ಈಗ ಅದೇ ತಪ್ಪು ಲೆಕ್ಕದಲ್ಲೇ ಹಾಕಿದರೂ 2.4 ಬರುತ್ತದೆ. ವ್ಯತ್ಯಾಸ ಇದೆ ಎನ್ನಲು 3.84 ದಾಟಬೇಕು. ದಾಟಲಿಲ್ಲ.

ಅವತ್ತು ರಾತ್ರಿ ಅವಳು ನಮ್ಮ ಮನೆಯಲ್ಲೇ ಉಳಿದಳು. ಊಟ ಸರಿಯಾಗಿ ಮಾಡಲಿಲ್ಲ. ಐದು ವರ್ಷದ ಕೆಲಸ ಇಬ್ಬರು ಮಕ್ಕಳ ಮೇಲೆ ನಿಂತಿದೆ ಎಂದು ಅವಳಿಗೆ ಅನಿಸಿತು. ನನಗೆ ಅನಿಸಿದ್ದು ಬೇರೆ. ಎಲ್ಲರಿಗಿಂತ ಬೇರೆಯಾಗಿ ನಿಂತವರನ್ನು ತೆಗೆದುಹಾಕುವ ಮೊದಲು ಅವರು ಯಾರು ಎಂದು ನೋಡಬೇಕು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನೇ ಕೇಳಿದೆ. ಇಬ್ಬರ ಮನೆಯೂ ಇಂಡಿ ಕಡೆಯದು. ಅಜ್ಜ ಅಜ್ಜಿಯರ ಬಾಯಲ್ಲಿ ‘ಐತಿ’ ಇಲ್ಲವೆನ್ನುವಷ್ಟು ಕಡಿಮೆ. ಮತ್ತೆ ಹನ್ನೆರಡು ಮಕ್ಕಳಲ್ಲಿ ಮರಾಠಿ ಮಾಧ್ಯಮದ ಶಾಲೆಗೆ ಹೋಗುವವರು ಇವರಿಬ್ಬರೇ. ಉಳಿದವರೆಲ್ಲ ಇಂಗ್ಲಿಷ್ ಮಾಧ್ಯಮ.

ನೋಡಮ್ಮ, ಎರಡು ಪ್ರಶ್ನೆಗಳೂ ಅಲ್ಲಿ ಬಂದು ಸೇರಿದವು. ಲೆಕ್ಕವನ್ನು ಕೆಡಿಸಿದ ಇಬ್ಬರೇ ಮೊದಲ ಪ್ರಶ್ನೆಗೆ ಒಳ್ಳೆಯ ಸಾಕ್ಷಿಯಾದರು. ಅವರು ಮನೆಯಿಂದ ಇದನ್ನು ತಂದಿರಲಿಕ್ಕಿಲ್ಲ, ಹಿರಿಯರಲ್ಲಿ ಅದು ತೀರಾ ಕಡಿಮೆ ಇತ್ತಲ್ಲ. ಆದರೆ ಅವರು ಇಬ್ಬರೇ. ಇಬ್ಬರನ್ನು ಇಟ್ಟುಕೊಂಡು ಇಡೀ ಪುಣೆಯ ಬಗ್ಗೆ ಮಾತಾಡಲಾಗದು.

ಆ ವಾರ ಅವಳು ಪ್ರತಿ ಮಗುವಿನ ಪ್ರಮಾಣ ಬೇರೆ ಬೇರೆ ತೆಗೆದು ಸರಾಸರಿ ಮಾಡಿದಳು. ಹೆಚ್ಚು ಮಾತಾಡಿದವರಿಗೂ ಕಡಿಮೆ ಮಾತಾಡಿದವರಿಗೂ ಒಂದೇ ತೂಕ. ಮಕ್ಕಳ ಸರಾಸರಿ 36 ಬಂತು. 46 ಅಲ್ಲ, 27 ಕೂಡ ಅಲ್ಲ. ಅದನ್ನೂ ಹನ್ನೆರಡು ಚುಕ್ಕಿಗಳ ಒಂದು ಚಿತ್ರವನ್ನೂ ಒಂದೇ ಹಾಳೆಯಲ್ಲಿ ಹಾಕಿದಳು. ಹತ್ತು ಚುಕ್ಕಿ ಕೆಳಗೆ ಗುಂಪಾಗಿ, ಎರಡು ಮೇಲೆ ಒಂಟಿಯಾಗಿ. ಆ ಚಿತ್ರ ಇದ್ದರೆ ಯಾರೂ ಸರಾಸರಿಯನ್ನು ನಂಬಿ ಮೋಸಹೋಗುವುದಿಲ್ಲ. ಮಾತಾಡುವವರನ್ನೂ ಲೆಕ್ಕಕ್ಕೆ ಹಿಡಿಯುವ ದೊಡ್ಡ ಮಾದರಿಗಳಿವೆ, ಆದರೆ ವೈವಾಗೆ ಆರು ವಾರ ಇರುವಾಗ ಅದನ್ನು ಹೊಸದಾಗಿ ಕಲಿತು ಹಾಕುವುದು ಬೇಡ ಎಂದೆ. ಅರ್ಧ ಗೊತ್ತಿರುವ ವಿಧಾನ ತೋರಿಸಿದರೆ ಅದರ ಮೇಲೇ ಹತ್ತು ಪ್ರಶ್ನೆ ಬರುತ್ತದೆ.

ಆಮೇಲೆ ತೀರ್ಮಾನದ ವಾಕ್ಯವನ್ನು ಮತ್ತೆ ಬರೆಸಿದೆ. ಏಳು ಸಲ ಬರೆದಳು. ಕೊನೆಗೆ ನಿಂತದ್ದು ಹೀಗೆ: ‘ಗಡಿ ಭಾಗದ ಕೆಲವು ಮನೆತನಗಳು ಈ ವಾಕ್ಯ ರೂಪವನ್ನು ಊರಿನಿಂದಲೇ ತಂದಿವೆ. ನಾನು ನೋಡಿದ ಹನ್ನೆರಡು ಮನೆಗಳಲ್ಲಿ ಮಕ್ಕಳು ಇದನ್ನು ಹೆತ್ತವರಿಗಿಂತ ಹೆಚ್ಚು ಬಳಸುತ್ತಾರೆ, ಆದರೆ ಆ ಹೆಚ್ಚಳದ ಬಹುಪಾಲು ಇಬ್ಬರದು. ಆ ಇಬ್ಬರೂ ಮರಾಠಿ ಮಾಧ್ಯಮದವರು. ಶಾಲೆ ಕಾರಣವಿರಬಹುದು ಎಂಬುದನ್ನು ಮುಂದೆ ಪರೀಕ್ಷಿಸಬೇಕು.’ ಮೊದಲಿನ ತೀರ್ಮಾನಕ್ಕಿಂತ ಇದು ಚಿಕ್ಕದು. ಆದರೆ ಯಾವ ಕಡೆಯಿಂದ ತಳ್ಳಿದರೂ ಬೀಳುವುದಿಲ್ಲ.

ಡಿಸೆಂಬರ್‌ನಲ್ಲಿ ಮೂರು ಸಲ ಕೂತೆವು. ಮೊದಲ ಸಲ ‘ನಿಮ್ಮ ಥೀಸಿಸ್ ಏನು ಹೇಳುತ್ತದೆ’ ಎಂಬ ಪ್ರಶ್ನೆಗೇ ಅವಳು ಹದಿನಾಲ್ಕು ನಿಮಿಷ ತೆಗೆದುಕೊಂಡಳು. ಇತಿಹಾಸದಿಂದ ಶುರು ಮಾಡಿ ತನ್ನ ಸಂಗತಿಗೆ ಬರುವಷ್ಟರಲ್ಲಿ ಕೇಳುವವರ ಗಮನ ಹೋಗಿತ್ತು. ಎರಡನೇ ಸಲ ಮೇಲಿನ ವಾಕ್ಯದಿಂದಲೇ ಶುರು ಮಾಡು ಎಂದೆ, ನಾಲ್ಕು ನಿಮಿಷಕ್ಕೆ ಮುಗಿಯಿತು. ಮೂರನೇ ಸಲ ಪಕ್ಕದ ವಿಭಾಗದ ಒಬ್ಬ ಹಿರಿಯರನ್ನು ಕರೆದೆ. ಅವರು ಇತಿಹಾಸದವರು, ಭಾಷಾಶಾಸ್ತ್ರ ಗೊತ್ತಿಲ್ಲ. ಗೊತ್ತಿಲ್ಲದವರು ಕೇಳುವ ಪ್ರಶ್ನೆಗೆ ಉತ್ತರಿಸುವುದೇ ಹೆಚ್ಚು ಕಷ್ಟ. ‘ಐತಿ ಅಂದ್ರೆ ಏನಾಯ್ತು, ಅನ್ನದಿದ್ರೆ ಏನಾಯ್ತು?’ ಎಂದು ಕೇಳಿ ಅವಳನ್ನು ನಿಲ್ಲಿಸಿಬಿಟ್ಟರು. ಅದಕ್ಕೂ ಉತ್ತರ ಹುಡುಕಿದೆವು. ಪದ ಎರವಲು ಪಡೆಯುವುದು ಎಲ್ಲಾ ಕಡೆ ಇದೆ, ವಾಕ್ಯದ ಕಟ್ಟು ಬದಲಾಗುವುದು ಅದಕ್ಕಿಂತ ಆಳದ ಸಂಪರ್ಕದ ಗುರುತು ಎಂದು ಉದಾಹರಣೆ ಸಮೇತ ಹೇಳುವುದನ್ನು ಕಲಿತಳು.

ವೈವಾಗೆ ಹತ್ತು ದಿನ ಇರುವಾಗ ಇನ್ನೊಂದು ಸಮಸ್ಯೆ. ವರದಿಯಲ್ಲಿ ‘ಪುಟ 143’ ಎಂದಿದೆ, ಅವಳ ಲ್ಯಾಪ್‌ಟಾಪಿನ ಫೈಲಿನಲ್ಲಿ ಆ ವಿಷಯ 139ರಲ್ಲಿದೆ. ಸಬ್ಮಿಟ್ ಮಾಡಿದ ಮೇಲೂ ಅವಳು ಅದೇ ಫೈಲಿನಲ್ಲಿ ಚೂರು ಪಾರು ತಿದ್ದುತ್ತಲೇ ಇದ್ದಳು. ಪರೀಕ್ಷಕರು ಪುಟ ಹೇಳಿದಾಗ ಇವಳು ಹುಡುಕುತ್ತಾ ಕೂರಬೇಕಾಗಿತ್ತು. ಪುಣ್ಯಕ್ಕೆ ನನ್ನ ಹತ್ತಿರ ಬೈಂಡ್ ಆದ ಒಂದು ಪ್ರತಿ ಇತ್ತು. ಅದಕ್ಕೇ ಚೀಟಿ ಅಂಟಿಸಿಕೊಂಡಳು. ನೀನು ಸಬ್ಮಿಟ್ ಮಾಡಿದ ದಿನದ ಪಿಡಿಎಫ್ ಅನ್ನು ಬೇರೆ ಫೋಲ್ಡರಿನಲ್ಲಿ ಹಾಕಿ ಮುಟ್ಟಬೇಡ. ಒಂದು ಬೈಂಡ್ ಪ್ರತಿ ನಿನಗೆ ಅಂತಲೇ ಮಾಡಿಸು.

ಇದೇ ವೇಳೆಯಲ್ಲಿ ರೆಕಾರ್ಡಿಂಗ್‌ಗಳ ಪಟ್ಟಿ ಮಾಡಿಸಿದೆ. ಥೀಸಿಸ್‌ನಲ್ಲಿ ಉದಾಹರಣೆಯಾಗಿ ಕೊಟ್ಟ 62 ವಾಕ್ಯ, ಪ್ರತಿಯೊಂದೂ ಯಾವ ಫೈಲ್, ಎಷ್ಟನೇ ನಿಮಿಷ. ಮೂರು ದಿನ ಬೇಕಾಯಿತು. ಎರಡು ವಾಕ್ಯ ಸಿಗಲೇ ಇಲ್ಲ, ಅವು ಕೇವಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವು. ಆ ಎರಡರ ಮುಂದೆ ಹಾಗೆಂದೇ ಬರೆದಳು.

ವೈವಾ ದಿನ ನೀನೂ ಇದ್ದೆ. ಆದರೂ ನಾನು ನೋಡಿದ್ದನ್ನು ಹೇಳುತ್ತೇನೆ. ಮೊದಲ ಇಪ್ಪತ್ತು ನಿಮಿಷ ಅವಳ ಮಾತು. ಊರಿನ ಪ್ರಶ್ನೆಗೆ ಅವಳು ಅಕ್ಕಲಕೋಟೆ, ಇಂಡಿ ಲೆಕ್ಕ ತೋರಿಸಿದಳು. ಪರೀಕ್ಷಕರು ತಲೆಯಾಡಿಸಿದರು. ಲೆಕ್ಕದ ಪ್ರಶ್ನೆಗೆ ‘ನಾನು ಥೀಸಿಸ್‌ನಲ್ಲಿ ಹಾಕಿದ ವಿಧಾನ ಸರಿಯಿಲ್ಲ ಸರ್, ತಿದ್ದಿ ಎಣಿಸಿದ್ದು ಇಲ್ಲಿದೆ’ ಎಂದು ಆ ಚುಕ್ಕಿಗಳ ಚಿತ್ರ ಕೊಟ್ಟಳು. ಅವರು ಅದನ್ನು ಎರಡು ನಿಮಿಷ ನೋಡಿದರು. ‘ಈ ಇಬ್ಬರು ಮಕ್ಕಳ ಮಾತು ಕೇಳಿಸಿ’ ಎಂದರು. ಪಟ್ಟಿ ನೋಡಿ ಅರ್ಧ ನಿಮಿಷದಲ್ಲಿ ಹಾಕಿದಳು. ‘ಇದು ನನ್ನ ಸೈಕಲ್ ಐತಿ. ಅವ ನನ್ನ ದೋಸ್ತ ಅದಾನ’ ಎಂಬ ಪುಟ್ಟ ದನಿ ಆ ಕೋಣೆಯಲ್ಲಿ ಕೇಳಿದಾಗ ಎಲ್ಲರ ಮುಖ ಅರಳಿತು. ನೆನಪಿದೆಯಾ?

ಆಮೇಲೆ ನಾವು ನಿರೀಕ್ಷಿಸಿರದ ಪ್ರಶ್ನೆ ಬಂತು. ಆ ಇಬ್ಬರು ಮಕ್ಕಳ ಮನೆ ಎಲ್ಲಿ? ಒಂದೇ ಚಾಳಿನಲ್ಲಿ, ಒಟ್ಟಿಗೆ ಆಡುತ್ತಾರೆ ಎಂದಳು. ‘ಹಾಗಾದರೆ ಶಾಲೆ ಕಾರಣವೋ, ಗೆಳೆತನ ಕಾರಣವೋ? ಒಬ್ಬರಿಂದ ಒಬ್ಬರು ಕಲಿತಿರಬಹುದಲ್ಲ?’ ನನ್ನ ಎದೆ ಹೊಡೆದುಕೊಂಡಿತು. ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಮಾಹಿತಿಯಿಂದ ಅವೆರಡನ್ನು ಬೇರೆ ಮಾಡಲು ಆಗುವುದಿಲ್ಲ ಸರ್. ಮರಾಠಿ ಮಾಧ್ಯಮಕ್ಕೆ ಹೋಗುವ, ಬೇರೆ ಬೇರೆ ಓಣಿಯ ಮಕ್ಕಳನ್ನು ರೆಕಾರ್ಡ್ ಮಾಡಬೇಕು’ ಎಂದಳು. ಅಷ್ಟೇ. ಮುಂದಿನ ಪ್ರಶ್ನೆಗೆ ಹೋದರು. ಭೂತಕಾಲದಲ್ಲಿ ಹೇಗೆ ಎಂದು ಕೇಳಿದಾಗಲೂ ‘ನಾನು ಎಣಿಸಿದ್ದು ವರ್ತಮಾನ ಕಾಲ ಮಾತ್ರ, ಅದು ನೋಡಿಲ್ಲ’ ಎಂದಳು. ನೋಡಿಲ್ಲ ಎಂದು ಹೇಳಿದ್ದಕ್ಕೆ ಯಾರೂ ಬೇಜಾರಾಗಲಿಲ್ಲ. ಏನು ನೋಡಿದೆ ಎಂಬುದರ ಗಡಿ ಗೊತ್ತಿತ್ತಲ್ಲ, ಅದಕ್ಕೆ.

ಈಗ ನಿನ್ನ ವಿಷಯ. ‘ಅವ ಹೇಳಿದ ಕಿ ನಾ ಬರ್ತೀನಿ’ ಎನ್ನುವಲ್ಲಿ ‘ಅಂತ’ ಬದಲು ಬರುವ ‘ಕಿ’ ನಿನ್ನ ಥೀಸಿಸ್. ಇದರ ಮೊದಲ ಪ್ರಶ್ನೆ ನನಗೆ ಈಗಲೇ ಕಾಣುತ್ತಿದೆ. ‘ಕಿ’ ಹಿಂದಿಯಲ್ಲಿದೆ, ದಖನಿಯಲ್ಲಿದೆ, ಮರಾಠಿಯಲ್ಲೂ ‘ಕೀ’ ಇದೆ. ನಿನ್ನ ಜನರಿಗೆ ಇದು ಯಾವುದರಿಂದ ಬಂತು? ನಾಲ್ಕನೇ ಅಧ್ಯಾಯದಲ್ಲಿ ನೀನು ಮರಾಠಿ ಎಂದು ಬರೆದಿದ್ದೀಯ. ಪುಟ ತೋರಿಸು ಎಂದರೆ ಏನು ತೋರಿಸುತ್ತೀ? ನಿನ್ನ 28 ಜನರಲ್ಲಿ ಮನೆಯ ಹೊರಗೆ ದಖನಿ ಆಡುವವರು ಎಷ್ಟು, ಮರಾಠಿ ಮಾತ್ರ ಆಡುವವರು ಎಷ್ಟು? ಅವರನ್ನು ಬೇರೆ ಮಾಡಿ ಎಣಿಸಿದರೆ ಏನಾದರೂ ಕಾಣಬಹುದು. ಕಾಣದೆ ಇದ್ದರೆ ‘ಮರಾಠಿ’ ಎಂಬ ಪದವನ್ನು ಆ ವಾಕ್ಯದಿಂದ ತೆಗೆಯಬೇಕಾಗುತ್ತದೆ. ಅದು ಮೇ ತಿಂಗಳಲ್ಲಿ ಗೊತ್ತಾಗುವುದಕ್ಕಿಂತ ಈಗ ಗೊತ್ತಾದರೆ ಒಳ್ಳೆಯದು.

ಬರುವ ಭಾನುವಾರ ಹತ್ತು ಗಂಟೆಗೆ ಮನೆಗೆ ಬಾ. ಬರುವಾಗ ಒಂದು ಹಾಳೆ ಮಾತ್ರ ತಾ: 28 ಹೆಸರು, ಪ್ರತಿ ಹೆಸರಿನ ಮುಂದೆ ಎಷ್ಟು ವಾಕ್ಯ, ಎಷ್ಟು ‘ಕಿ’, ಬೇರೆ ಯಾವ ಭಾಷೆ ಯಾರ ಜೊತೆ ಆಡುತ್ತಾರೆ. ಲ್ಯಾಪ್‌ಟಾಪ್ ಬೇಡ. ನಿನ್ನ ಸೀನಿಯರ್ ಕೂಡ ಬರುತ್ತಾಳೆ, ಪ್ರಶ್ನೆ ಕೇಳುವವಳು ಈ ಸಲ ಅವಳು. ಊಟ ಇಲ್ಲೇ.

ನಿನ್ನ ಮೇಡಂ